ಕಾಚಂಪುಳಿ ಬಾಟ್ಲಿ ಲೈಟ್ ಜಾಸ್ತಿ ಮಾಡಿದರೆ ಮಿಂಚುವುದಿಲ್ಲ

"ಇನ್ನೂ ಸ್ವಲ್ಪ ಲೈಟ್ ಜಾಸ್ತಿ ಮಾಡಿ. ಬಾಟ್ಲಿ ಮಿಂಚ್ಬೇಕು."

ರೆಂಡರ್, ಅಂದರೆ ಕಂಪ್ಯೂಟರಿನಲ್ಲಿ ಮಾಡಿದ ತ್ರೀಡಿ ಚಿತ್ರ, ಕಳಿಸಿದ ಹತ್ತು ನಿಮಿಷಕ್ಕೆ ಬರುವ ಉತ್ತರ ಇದು. ಜೇನು ಮಾರುವವರು, ಕಾಫಿ ಪುಡಿ ಮಾರುವವರು, ಕಾಳುಮೆಣಸು ಪ್ಯಾಕ್ ಮಾಡುವವರು, ಎಲ್ಲರೂ ಇದೇ ಮಾತು ಹೇಳುತ್ತಾರೆ. ಮಡಿಕೇರಿಯಲ್ಲಿ ಕೂತು ಸುತ್ತಲಿನ ಊರುಗಳ ಸಣ್ಣ ವ್ಯಾಪಾರಿಗಳಿಗೆ ತ್ರೀಡಿ ಚಿತ್ರ ಮಾಡಿಕೊಡುವುದು ನನ್ನ ಕೆಲಸ. ಈ ಒಂದು ಮಾತಿನಿಂದ ನನ್ನ ಎಷ್ಟೋ ದಿನಗಳು ಹಾಳಾಗಿವೆ. ಹೇಳುವವರದು ತಪ್ಪಲ್ಲ. ಚಿತ್ರ ಸಪ್ಪೆಯಾಗಿದೆ ಅನ್ನುವುದು ಅವರ ಕಣ್ಣಿಗೆ ಸರಿಯಾಗಿಯೇ ಕಂಡಿರುತ್ತದೆ. ಅವರು ಹೇಳುವ ಮದ್ದು ಮಾತ್ರ ತಪ್ಪು.

ಕಳೆದ ಮಳೆಗಾಲದಲ್ಲಿ ನಾಪೋಕ್ಲು ಕಡೆಯ ಒಬ್ಬ ಅಕ್ಕ ಬಂದರು. ಮನೆಯಲ್ಲೇ ಕಾಚಂಪುಳಿ ಮಾಡಿ ಮಾರುತ್ತಾರೆ. ಹಣ್ಣಿನಿಂದ ಇಳಿದ ಹುಳಿ ರಸವನ್ನು ಗಂಟೆಗಟ್ಟಲೆ ಕುದಿಸಿ ಕುದಿಸಿ ಕಪ್ಪಗೆ, ಗಟ್ಟಿಯಾಗಿ ಇಳಿಸುತ್ತಾರಲ್ಲ, ಅದೇ. ಪಂದಿ ಕರಿಗೆ ಅದಿಲ್ಲದೆ ಆಗುವುದಿಲ್ಲ. ಆನ್‌ಲೈನ್‌ನಲ್ಲಿ ಹಾಕಲು ಚಿತ್ರ ಬೇಕಿತ್ತು, ಲೇಬಲ್ ಇನ್ನೂ ಪ್ರಿಂಟ್ ಆಗಿರಲಿಲ್ಲ. ಬೇರೆ ಯಾರೋ ಮಾಡಿಕೊಟ್ಟ ರೆಂಡರ್ ಒಂದು ಅವರ ಫೋನಿನಲ್ಲಿತ್ತು. ಬಾಟ್ಲಿ ಕಪ್ಪು ಪ್ಲಾಸ್ಟಿಕ್ ಪೈಪಿನ ಹಾಗೆ ಕಾಣುತ್ತಿತ್ತು. ಹೆಗಲಿನ ಹತ್ತಿರ ಸಾಸಿವೆ ಕಾಳಿನಷ್ಟು ಒಂದು ಬಿಳಿ ಚುಕ್ಕೆ. ಅಷ್ಟೇ. "ಮೂರು ಸಲ ಲೈಟ್ ಜಾಸ್ತಿ ಮಾಡ್ಸಿದೆ, ಆದ್ರೂ ಹಿಂಗೇ ಇದೆ" ಅಂದರು.

ಎಷ್ಟು ಸಲ ಮಾಡಿಸಿದರೂ ಹಾಗೇ ಇರುತ್ತದೆ. ಕಾರಣ ಹೇಳುತ್ತೇನೆ, ಸ್ವಲ್ಪ ನಿಧಾನವಾಗಿ ಓದಿ.

ಕಾಗದ, ಬಟ್ಟೆ, ಮಣ್ಣಿನ ಮಡಕೆ, ಇವುಗಳ ಮೇಲೆ ಬಿದ್ದ ಬೆಳಕು ಎಲ್ಲ ಕಡೆಗೂ ಚದುರುತ್ತದೆ. ಅಲ್ಲಿ ಬೆಳಕು ಜಾಸ್ತಿ ಮಾಡಿದರೆ ವಸ್ತುವೂ ಬೆಳ್ಳಗಾಗುತ್ತದೆ. ಕಪ್ಪು ದ್ರವ ತುಂಬಿದ ಗಾಜಿನ ಬಾಟ್ಲಿ ಹಾಗಲ್ಲ. ಒಳಗೆ ಹೋದ ಬೆಳಕನ್ನು ಕಾಚಂಪುಳಿ ಕುಡಿದುಬಿಡುತ್ತದೆ. ನಮ್ಮ ಕಣ್ಣಿಗೆ ಬರುವುದು ಗಾಜಿನ ಹೊರಮೈಯಿಂದ ಕನ್ನಡಿಯಂತೆ ವಾಪಸ್ ಬಂದ ಬೆಳಕು ಮಾತ್ರ. ನೇರವಾಗಿ ನೋಡಿದರೆ ಗಾಜು ವಾಪಸ್ ಕೊಡುವುದು ಬಿದ್ದ ಬೆಳಕಿನಲ್ಲಿ ಸುಮಾರು 4 ಶೇಕಡಾ. ಅಂಚಿನ ಕಡೆ ಓರೆಯಾದಂತೆ ಅದು ತುಂಬಾ ಏರುತ್ತದೆ. ಅಂದರೆ ನಾವು ನೋಡುತ್ತಿರುವುದು ಬಾಟ್ಲಿಯನ್ನಲ್ಲ, ಬಾಟ್ಲಿಯಲ್ಲಿ ಕಾಣುವ ಕೋಣೆಯನ್ನು. ಕೋಣೆಯಲ್ಲಿ ಒಂದು ಸಣ್ಣ ದೀಪ ಬಿಟ್ಟರೆ ಏನೂ ಇಲ್ಲ ಅಂದರೆ ಬಾಟ್ಲಿಯಲ್ಲೂ ಒಂದು ಸಣ್ಣ ಚುಕ್ಕೆ ಬಿಟ್ಟು ಏನೂ ಇರುವುದಿಲ್ಲ. ದೀಪದ ಶಕ್ತಿ ಹತ್ತು ಪಟ್ಟು ಮಾಡಿ. ಚುಕ್ಕೆ ಆಗಲೇ ಪೂರ್ತಿ ಬಿಳಿಯಾಗಿದೆ, ಅದಕ್ಕಿಂತ ಬಿಳಿ ಪರದೆಯಲ್ಲಿ ಇಲ್ಲ. ಬೆಳ್ಳಗಾಗುವುದು ಲೇಬಲ್ ಕಾಗದ ಮತ್ತು ನೆಲ. ಬಾಟ್ಲಿ ಇದ್ದ ಹಾಗೇ ಇರುತ್ತದೆ.

ಅಕ್ಕನಿಗೆ ಇದನ್ನು ಮಾತಿನಲ್ಲಿ ಹೇಳಿ ಪ್ರಯೋಜನವಾಗಲಿಲ್ಲ. ಅವರು ತಂದಿದ್ದ ತುಂಬಿದ ಬಾಟ್ಲಿಯನ್ನೇ ಕಿಟಕಿ ಪಕ್ಕದ ಮೇಜಿನ ಮೇಲೆ ಇಟ್ಟೆ. ಹೊರಗೆ ಜಡಿಮಳೆ, ಬಿಸಿಲಿನ ಸುಳಿವಿಲ್ಲ, ಆಕಾಶ ಪೂರ್ತಿ ಬೂದು. ಬಾಟ್ಲಿಯ ಎಡಗಡೆ ಮೇಲಿನಿಂದ ಕೆಳಗಿನವರೆಗೆ ಒಂದು ಬೆಳ್ಳನೆ ಪಟ್ಟಿ ಬಂತು. ಹತ್ತಿರ ಹೋಗಿ ನೋಡಿದರೆ ಆ ಪಟ್ಟಿಯೊಳಗೆ ಕಿಟಕಿಯ ಸರಳುಗಳು ಕೂದಲೆಳೆಯಷ್ಟು ಸಣ್ಣಗೆ ಕಾಣುತ್ತಿದ್ದವು. ಬಲಗಡೆ ಅಂಚಿನಲ್ಲಿ ಅಕ್ಕನ ಸೀರೆಯ ಹಸಿರು. ಅವರು ಒಂದು ಹೆಜ್ಜೆ ಸರಿದರು, ಹಸಿರೂ ಸರಿಯಿತು. ನಾನು ಟ್ಯೂಬ್‌ಲೈಟ್ ಹಾಕಿದೆ. ಕೋಣೆ ಬೆಳಗಿತು, ಬಾಟ್ಲಿಯಲ್ಲಿ ಮಾತ್ರ ಒಂದು ತೆಳು ಗೆರೆ ಹೆಚ್ಚಾಯಿತು. "ಓ, ಇದು ಕನ್ನಡಿ ಅಲ್ವಾ" ಅಂದರು. ಅಲ್ಲಿಂದ ಮುಂದೆ ನಮ್ಮ ಕೆಲಸ ಸುಲಭವಾಯಿತು.

ಹಾಗಾಗಿ ರೆಂಡರ್ ಪರೀಕ್ಷಿಸುವಾಗ ನಾನು ಮೊದಲು ನೋಡುವುದು ಬೆಳಕು ಎಷ್ಟಿದೆ ಎಂದಲ್ಲ. ಬಾಟ್ಲಿಯಲ್ಲಿ ಏನು ಪ್ರತಿಬಿಂಬಿಸುತ್ತಿದೆ, ಅದರ ಆಕಾರ ಏನು, ಅದು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ, ಇಷ್ಟು.

ದುಂಡಗಿನ ಬಾಟ್ಲಿಗೆ ಒಂದು ಲೆಕ್ಕ ಇದೆ. ಕ್ಯಾಮೆರಾ ಸ್ವಲ್ಪ ದೂರದಲ್ಲಿ ಇದ್ದಾಗ ಇದು ಬಹುಮಟ್ಟಿಗೆ ಸರಿಯಾಗುತ್ತದೆ. ಬಾಟ್ಲಿಯ ನಡುಗೆರೆಯಿಂದ ಅಂಚಿನವರೆಗೆ ಅರ್ಧ ದಾರಿಯಲ್ಲಿ ಪಟ್ಟಿ ಬೇಕಾದರೆ, ಬಾಟ್ಲಿಯಿಂದ ಕ್ಯಾಮೆರಾ ಇರುವ ದಿಕ್ಕಿಗೆ 60 ಡಿಗ್ರಿ ಪಕ್ಕದಲ್ಲಿ ದೀಪ ಇಡಬೇಕು. ಅಂಚಿನ ಕಡೆಗೆ 70 ಶೇಕಡಾ ದಾರಿ ಹೋದರೆ, ಅಲ್ಲಿ ಕಾಣುವುದು ಬಾಟ್ಲಿಯ ಸರಿ ಪಕ್ಕದಲ್ಲಿ, 90 ಡಿಗ್ರಿಯಲ್ಲಿ ಇರುವ ವಸ್ತು. ಅದರಾಚೆ, ಎರಡೂ ಅಂಚಿನ ಕೊನೆಯ 30 ಶೇಕಡಾ ಭಾಗದಲ್ಲಿ ಕಾಣುವುದು ಬಾಟ್ಲಿಯ ಹಿಂದೆ ಇರುವುದು. ಆನ್‌ಲೈನ್ ಅಂಗಡಿಗೆ ಬಿಳಿ ಹಿನ್ನೆಲೆ ಬೇಕು ಅಂತ ಹಿಂದೆ ಅಗಲವಾದ ಬಿಳಿ ಪರದೆ ಹಾಕಿದಾಗ ಬಾಟ್ಲಿಯ ಅಂಚು ಕರಗಿಹೋದ ಹಾಗೆ ಕಾಣುವುದು ಇದಕ್ಕೇ. ಆಗ ಮೆಟೀರಿಯಲ್, ಅಂದರೆ ಗಾಜಿನ ಮೇಲ್ಮೈಯ ಗುಣ, ಬದಲಿಸಬೇಡಿ. ಚೌಕಟ್ಟಿಗೆ ಕಾಣದ ಹಾಗೆ ಬಾಟ್ಲಿಯ ಎರಡೂ ಪಕ್ಕ, ತುಸು ಹಿಂದೆ, ಒಂದೊಂದು ಕಪ್ಪು ಹಲಗೆ ನಿಲ್ಲಿಸಿ. ಅಂಚು ತಾನಾಗಿ ಗೆರೆ ಎಳೆದ ಹಾಗೆ ಬರುತ್ತದೆ. ಸ್ಟುಡಿಯೋದಲ್ಲಿ ಫೋಟೋ ತೆಗೆಯುವವರು ಮಾಡುವುದೂ ಇದನ್ನೇ.

ಅಕ್ಕನ ಬಾಟ್ಲಿ 18 ಸೆಂಟಿಮೀಟರ್ ಎತ್ತರ, 6 ಸೆಂಟಿಮೀಟರ್ ದಪ್ಪ. ನಾನು ಇಟ್ಟಿದ್ದು ಎಡಗಡೆ ಬಾಟ್ಲಿಗಿಂತ ಎರಡು ಪಟ್ಟು ಎತ್ತರದ, ಹಲಗೆಯಂತೆ ಪೂರ್ತಿ ಬೆಳಗುವ ಒಂದು ಏರಿಯಾ ಲೈಟ್, ಬಲಗಡೆ ಅದಕ್ಕಿಂತ ಮಂದವಾದ ಕಿರಿದಾದ ಇನ್ನೊಂದು, ಹಿಂದೆ ಎರಡು ಕಪ್ಪು ಹಲಗೆ. ಎತ್ತರ ಕಡಿಮೆ ಇದ್ದರೆ ಪಟ್ಟಿ ಬಾಟ್ಲಿಯ ನಡುವೆಯೇ ಕತ್ತರಿಸಿದ ಹಾಗೆ ನಿಂತುಬಿಡುತ್ತದೆ. ದೀಪದ ಒಟ್ಟು ಶಕ್ತಿ ಹಳೆಯ ರೆಂಡರ್‌ಗಿಂತ ಕಡಿಮೆಯೇ ಇತ್ತು.

ಇನ್ನು ಕ್ಯಾಮೆರಾ. ಇದನ್ನು ಕೊನೆಗೆ ನೋಡೋಣ ಅನ್ನುವವರು ಜಾಸ್ತಿ. ದಯವಿಟ್ಟು ಹಾಗೆ ಮಾಡಬೇಡಿ. ಪ್ರತಿಬಿಂಬ ಎಲ್ಲಿ ಕಾಣುತ್ತದೆ ಅನ್ನುವುದು ನಾವು ಎಲ್ಲಿಂದ ನೋಡುತ್ತೇವೆ ಅನ್ನುವುದರ ಮೇಲೆ ನಿಂತಿದೆ. ಎಲ್ಲ ಒಪ್ಪಿಗೆಯಾದ ಮೇಲೆ "ಕ್ಯಾಮೆರಾ ಸುಮ್ನೆ ಸ್ವಲ್ಪ ಪಕ್ಕಕ್ಕೆ ತಿರುಗಿಸಿ" ಅಂದರೆ, 20 ಡಿಗ್ರಿ ಸರಿದರೂ ಪಟ್ಟಿ ಬೇರೆ ಕಡೆ ಹೋಗಿ ಕೂರುತ್ತದೆ, ಕಪ್ಪು ಹಲಗೆ ಇರಬೇಕಾದ ಕಡೆ ಇರುವುದಿಲ್ಲ. ಬೆಳಕಿನ ಕೆಲಸ ಮತ್ತೆ ಮೊದಲಿನಿಂದ.

ಕೋನ ಸರಿ ಇದೆಯೇ ಅನ್ನುವುದಕ್ಕೆ ಬಾಟ್ಲಿಯ ದುಂಡು ಗೆರೆಗಳನ್ನೇ ನೋಡಿ. ಕ್ಯಾಮೆರಾ ಲೇಬಲ್‌ನ ನಡು ಎತ್ತರದಲ್ಲಿ ನೇರವಾಗಿ ಇದ್ದರೆ ಲೇಬಲ್‌ನ ಮೇಲಂಚು ಸ್ವಲ್ಪ ಮೇಲಕ್ಕೆ ಬಾಗುತ್ತದೆ, ಕೆಳಅಂಚು ಕೆಳಕ್ಕೆ ಬಾಗುತ್ತದೆ. ಎರಡೂ ಕೆಳಕ್ಕೆ ಬಾಗಿದ್ದರೆ ಕ್ಯಾಮೆರಾ ಮೇಲಿದೆ ಎಂದರ್ಥ. ಆ ಬಾಗು ಎಷ್ಟು ಅನ್ನುವುದು ದೂರ ಹೇಳುತ್ತದೆ. ಅಕ್ಕನ ಹಳೆಯ ರೆಂಡರ್‌ನಲ್ಲಿ ಲೇಬಲ್ ನಗುವ ಬಾಯಿಯ ಹಾಗೆ ಬಾಗಿತ್ತು, ಮುಚ್ಚಳ ದೊಡ್ಡದು, ಬುಡ ಸಣ್ಣದು, ಒಟ್ಟು ಗೊದಮೊಟ್ಟೆಯ ಆಕಾರ. ಅಗಲ ಲೆನ್ಸ್ ಹಾಕಿ ಹತ್ತಿರದಿಂದ, ಮೇಲಿನಿಂದ ತೆಗೆದಾಗ ಹೀಗಾಗುತ್ತದೆ. ಕ್ಯಾಮೆರಾದಲ್ಲಿ ಚಿತ್ರ ಬೀಳುವ ಸೆನ್ಸರ್‌ನ 36 ಮಿಲಿಮೀಟರ್ ಬದಿಯನ್ನು ನೆಟ್ಟಗೆ ನಿಲ್ಲಿಸಿ 25 ಸೆಂಟಿಮೀಟರ್ ಎತ್ತರದ ಚೌಕಟ್ಟು ಬೇಕಾದರೆ 24 ಮಿಲಿಮೀಟರ್ ಲೆನ್ಸ್ ಬಾಟ್ಲಿಯಿಂದ 17 ಸೆಂಟಿಮೀಟರ್ ದೂರದಲ್ಲಿ ಇರಬೇಕು. 85 ಮಿಲಿಮೀಟರ್ ಆದರೆ ಸುಮಾರು 59 ಸೆಂಟಿಮೀಟರ್. ಬಾಟ್ಲಿಯನ್ನು ಯಾರೂ ಮೂಗಿಗೆ ಒತ್ತಿಕೊಂಡು ನೋಡುವುದಿಲ್ಲ, ಒಂದು ಕೈಯಳತೆ ದೂರದಿಂದ ನೋಡುತ್ತಾರೆ. ನಾನು ಸಾಮಾನ್ಯವಾಗಿ 85ರಲ್ಲಿ ಇಡುತ್ತೇನೆ. ದೊಡ್ಡ ವಸ್ತುವಾದರೆ ಬೇರೆ ಲೆಕ್ಕ.

ಮೆಟೀರಿಯಲ್ ಪರೀಕ್ಷೆಗೆ ಬೇರೆ ಏನೂ ಬೇಡ, ಅದೇ ಪಟ್ಟಿಯನ್ನು ಹಿಂಬಾಲಿಸಿ. ಗಾಜಿನ ಮೇಲೆ ಅದು ಚೂಪಾದ ಅಂಚಿನೊಂದಿಗೆ ಬರಬೇಕು. ಲೇಬಲ್ ಕಾಗದದ ಮೇಲೆ ಬಂದ ಕೂಡಲೇ ಹರಡಿ ಬರೀ ಒಂದು ಮೆದು ಬೆಳಕಾಗಬೇಕು. ಲೋಹದ ಮುಚ್ಚಳದ ಪಕ್ಕದ ಸಣ್ಣ ಗೀರುಗಳಲ್ಲಿ ಒಡೆದು ಹತ್ತಾರು ಮಿಂಚಾಗಬೇಕು. ಮೂರರ ಮೇಲೂ ಒಂದೇ ತರ ಕಂಡರೆ ಮೇಲ್ಮೈ ಎಷ್ಟು ಒರಟು ಎಂದು ಹೇಳುವ ರಫ್‌ನೆಸ್ ಅಂಕಿ ಮೂರಕ್ಕೂ ಒಂದೇ ಇಟ್ಟಿದ್ದಾರೆ ಎಂದು ತಿಳಿಯಿರಿ. ಕಣ್ಣಿಗೆ ಎಲ್ಲವೂ ಪ್ಲಾಸ್ಟಿಕ್ ಅನ್ನಿಸುವುದು ಬಹಳ ಸಲ ಇದರಿಂದಲೇ. ಜೊತೆಗೆ ಬಾಟ್ಲಿಯ ಕತ್ತನ್ನು ನೋಡಿ. ಕಾಚಂಪುಳಿ ನಿಂತ ಮಟ್ಟದ ಮೇಲೆ ಗಾಜು ಖಾಲಿ, ಅಲ್ಲಿ ಹಿನ್ನೆಲೆ ಕಾಣಬೇಕು. ಅದೂ ಕಪ್ಪಾಗಿದ್ದರೆ ಗಾಜಿಗೇ ಕಪ್ಪು ಬಣ್ಣ ಬಳಿದಿದ್ದಾರೆ, ಒಳಗೆ ದ್ರವ ಇಟ್ಟಿಲ್ಲ. ದ್ರವದ ಸುತ್ತ ಬೆಳ್ಳಿ ಬಳೆಯಂತೆ ಹೊಳೆಯುವ ಗೆರೆ ಕಂಡರೆ, ದ್ರವಕ್ಕೂ ಗಾಜಿನ ಒಳಗೋಡೆಗೂ ನಡುವೆ ಗಾಳಿಯ ಸಂದು ಉಳಿದಿದೆ. ದ್ರವದ ಮೆಶ್ ಅನ್ನು, ಅಂದರೆ ಅದರ ಆಕಾರ ಕಟ್ಟುವ ಬಲೆಯನ್ನು, ಗೋಡೆಯೊಳಕ್ಕೆ ಕೂದಲೆಳೆಯಷ್ಟು ತೂರಿಸಿದರೆ ಅದು ಹೋಗುತ್ತದೆ.

ಲೇಬಲ್ ಬಣ್ಣದ ಬಗ್ಗೆ ಒಂದು ಎಚ್ಚರಿಕೆ. ತ್ರೀಡಿ ಮಾಡುವ ಸಾಫ್ಟ್‌ವೇರ್ ಬ್ಲೆಂಡರ್‌ನಲ್ಲಿ, 4.0ರಿಂದ, ಬಣ್ಣವನ್ನು ಪರದೆಗೆ ಹೊಂದಿಸುವ View Transform ಎಂಬಲ್ಲಿ ತಾನಾಗಿ ಇರುವುದು AgX. ಅದು ತೀಕ್ಷ್ಣ ಬೆಳಕನ್ನು ಚೆನ್ನಾಗಿ ಹಿಡಿಯುತ್ತದೆ, ಆದರೆ ಲೇಬಲ್‌ನ ಕೆಂಪು, ಬಿಳಿಯನ್ನು ಸ್ವಲ್ಪ ಮಂಕು ಮಾಡುತ್ತದೆ. ಬಣ್ಣ ಹೋಲಿಸಲೇಬೇಕಾದರೆ Standardನಲ್ಲೂ ಒಂದು ಪ್ರತಿ ತೆಗೆಸಿಕೊಳ್ಳಿ. ಫೋನಿನಲ್ಲಿ ನೋಡುವಾಗ ಕಣ್ಣಿಗೆ ತಂಪು ಅಂತ ಹಾಕುವ ಹಳದಿ ಪರದೆಯನ್ನು ಆಫ್ ಮಾಡಿರಿ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಇಷ್ಟೆಲ್ಲ ಮಾಡಿದರೂ ಪ್ರಿಂಟ್ ಆಗಿ ಬರುವ ಬಣ್ಣ ಪರದೆಯಂತೆಯೇ ಇರುತ್ತದೆ ಎಂದು ನಾನು ಯಾರಿಗೂ ಮಾತು ಕೊಡುವುದಿಲ್ಲ.

ಎರಡನೇ ಪ್ರತಿ ಕಳಿಸಿದ ಮೇಲೆ ಅಕ್ಕನ ಉತ್ತರಕ್ಕೆ ಕಾದೆ. ಲೈಟ್ ವಿಷಯ ಬರಲಿಲ್ಲ. "ಎಡಗಡೆ ಬಿಳಿ ಪಟ್ಟಿ ಹೆಗಲ ಹತ್ರ ಒಂಚೂರು ಸೊಟ್ಟ ಆಗಿದೆ, ನಮ್ಮ ಬಾಟ್ಲೀಲಿ ಹಂಗಿಲ್ಲ" ಎಂದು ಬರೆದಿದ್ದರು. ದೊಡ್ಡದು ಮಾಡಿ ನೋಡಿದೆ. ಹೌದು. ಹೆಗಲು ತಿರುಗುವ ಕಡೆ ಮೆಶ್‌ನ ಎರಡು ಸಾಲುಗಳು ಒಂದಕ್ಕೊಂದು ತೀರಾ ಹತ್ತಿರ ಬಂದು ಅಲ್ಲಿ ಒಂದು ಉಬ್ಬು ನಿಂತಿತ್ತು. ಆಕಾರದಲ್ಲಿ ನನ್ನ ಕಣ್ಣಿಗೆ ಬೀಳದ ಉಬ್ಬು ಪ್ರತಿಬಿಂಬದಲ್ಲಿ ಅವರಿಗೆ ಕಂಡಿತ್ತು. ಒಂದು ಸಾಲು ತೆಗೆದು, ಉಳಿದವನ್ನು ಸಮ ದೂರಕ್ಕೆ ಸರಿಸಿ ಮತ್ತೆ ರೆಂಡರ್‌ಗೆ ಇಟ್ಟೆ. ಸಂಜೆ ಕರೆಂಟ್ ಹೋಗುವ ಮೊದಲು ಫೈಲ್ ಅವರಿಗೆ ತಲುಪಿತ್ತು.