ನೋಟಿಸಿನಲ್ಲಿ ಯಾವ ಇಂಗ್ಲಿಷ್ ಇರಲಿ, ಯಾವುದು ಬೇಡ

ಕೆಲವು ವರ್ಷಗಳ ಹಿಂದೆ ನಾನು ಕೆಲಸಕ್ಕಿದ್ದ ಗೃಹ ನಿರ್ಮಾಣ ಸಹಕಾರ ಸಂಘವೊಂದರಿಂದ ಸದಸ್ಯರಿಗೆಲ್ಲ ಒಂದು ನೋಟಿಸು ಹೋಯಿತು. ಎರಡು ದಿನ ಬಿಟ್ಟು ಹಿರಿಯರೊಬ್ಬರು ಅದನ್ನು ಹಿಡಿದುಕೊಂಡು ಕಚೇರಿಗೇ ಬಂದರು. "ಏನ್ ಸ್ವಾಮಿ ಇದು, ಓಔಅ ಅಂದ್ರೆ ಯಾವ ಸರ್ಟಿಫಿಕೇಟು? ಎಲ್ಲಿ ಕೊಡ್ತಾರೆ?" ಅಂತ ಕೇಳಿದರು. ತೆಗೆದು ನೋಡಿದರೆ ನಿಜಕ್ಕೂ ಹಾಗೇ ಅಚ್ಚಾಗಿತ್ತು. ನಾವು ಕೇಳಿದ್ದು ಎನ್‌ಒಸಿ. ಅದು ಓಔಅ ಆಗಿದ್ದು ಹೇಗೆ ಅನ್ನೋದನ್ನು ಮುಂದೆ ಹೇಳುತ್ತೇನೆ. ಕನ್ನಡ ನೋಟಿಸಿನಲ್ಲಿ ಇಂಗ್ಲಿಷನ್ನು ಎಲ್ಲಿ ಇಡಬೇಕು, ಎಲ್ಲಿ ಬಿಡಬೇಕು ಎಂಬ ಜಗಳದ ಅರ್ಧ ಕಥೆ ಅದರಲ್ಲೇ ಇದೆ.

ಮೊದಲು ಒಂದು ಮಾತು. ಕಚೇರಿಯ ಕನ್ನಡ ಯಾವತ್ತೂ ಅಚ್ಚಗನ್ನಡ ಆಗಿರಲಿಲ್ಲ. ಅರ್ಜಿ, ಹಾಜರು, ಬಾಕಿ, ವಸೂಲಿ, ಜಪ್ತಿ, ವಾಯಿದೆ ಎಲ್ಲ ಪಾರ್ಸಿ, ಅರಬ್ಬಿ ಕಡೆಯಿಂದ ಬಂದವು. ಠರಾವು ಮರಾಠಿಯ ದಾರಿ ಹಿಡಿದು ಬಂತು. ಇವತ್ತು ಅರ್ಜಿ ಪರಭಾಷೆಯ ಪದ ಅಂತ ಯಾರಾದರೂ ತಕರಾರು ತೆಗೆಯುತ್ತಾರಾ? ತಕರಾರು ಕೂಡ ಹೊರಗಿನದ್ದೇ.

ಆಮೇಲೆ ಬ್ರಿಟಿಷರ ಕಾಲ, 1956ರ ಏಕೀಕರಣ, 1963ರ ರಾಜಭಾಷಾ ಕಾಯ್ದೆ. ಐದು ಬೇರೆ ಬೇರೆ ಆಡಳಿತದಲ್ಲಿದ್ದ ಊರುಗಳು ಒಂದಾದಾಗ ಒಂದೇ ಕಾಗದಕ್ಕೆ ಹಲವು ಹೆಸರು ಇದ್ದವು. ಹಳೇ ಮೈಸೂರಿನವರು ಪಹಣಿ ಅಂದದ್ದನ್ನು ಮುಂಬೈ ಪ್ರಾಂತ್ಯದ ಕಡೆಯವರು ಉತಾರ ಅನ್ನುತ್ತಿದ್ದರು. ಎಲ್ಲರಿಗೂ ಒಂದೇ ಪದ ಬೇಕು ಅನ್ನೋ ಒತ್ತಡ ಸಹಜ. ಆ ಪದಗಳು ಬಹುಪಾಲು ಸಂಸ್ಕೃತದಿಂದ ಕಟ್ಟಿಕೊಂಡು ಬಂದವು: ನಿರಾಕ್ಷೇಪಣಾ ಪತ್ರ, ಋಣಭಾರ ಪ್ರಮಾಣಪತ್ರ, ಲೆಕ್ಕಪರಿಶೋಧನೆ. ಕೆಲವು ಚೆನ್ನಾಗಿಯೇ ಬೇರು ಬಿಟ್ಟವು. ಕೆಲವು ಫೈಲಿನಿಂದ ಹೊರಗೇ ಬರಲಿಲ್ಲ.

ಇದರ ಜೊತೆಗೆ ಕಾನೂನಿನ ತೊಡಕು ಬೇರೆ. ಸಂವಿಧಾನದ 348ನೇ ವಿಧಿ ಪ್ರಕಾರ, ರಾಜ್ಯದ ಶಾಸಕಾಂಗ ಕನ್ನಡದಲ್ಲೇ ಕಾಯ್ದೆ ಮಾಡಿದರೂ ರಾಜ್ಯಪಾಲರ ಅಧಿಕಾರದಡಿ ಗೆಜೆಟ್‌ನಲ್ಲಿ ಪ್ರಕಟವಾಗುವ ಇಂಗ್ಲಿಷ್ ಅನುವಾದವೇ ಇಂಗ್ಲಿಷಿನಲ್ಲಿ ಅದರ ಅಧಿಕೃತ ಪಠ್ಯ. ಹೈಕೋರ್ಟಿನ ವ್ಯವಹಾರವೂ ಮುಖ್ಯವಾಗಿ ಇಂಗ್ಲಿಷಿನಲ್ಲೇ. ಹಾಗಾಗಿ ನೋಟಿಸು ಬರೆಯುವವನ ತಲೆಯಲ್ಲಿ ಯಾವಾಗಲೂ ಒಂದು ಅಳುಕು ಇರುತ್ತದೆ: ನಾಳೆ ಇದು ಕೋರ್ಟಿಗೆ ಹೋದರೆ ನನ್ನ ಕನ್ನಡ ಪದ ನಿಲ್ಲುತ್ತದಾ? ಈ ಅಳುಕಿನಿಂದಲೇ ಎಷ್ಟೋ ಇಂಗ್ಲಿಷ್ ಪದಗಳು ಸುಮ್ನೆ ಹಾಗೇ ಉಳಿದುಬಿಟ್ಟಿವೆ. ಅದನ್ನು ಸೋಮಾರಿತನ ಅಂತ ಬೈಯುವುದು ಸುಲಭ, ಆದರೆ ಪೂರ್ತಿ ಸರಿಯಲ್ಲ.

ನಾನು ಕಣ್ಣಾರೆ ಕಂಡದ್ದು ಕಂಪ್ಯೂಟರ್ ಬಂದ ಮೇಲಿನ ಕಾಲ. ನನ್ನ ಪ್ರಕಾರ ಬೆರಕೆಯ ಸಮಸ್ಯೆ ನಿಜವಾಗಿ ಗೋಜಲಾದದ್ದು ಆಗಲೇ.

ಆಗ ಕಚೇರಿಗಳಲ್ಲಿ ನುಡಿ, ಬರಹ ತಂತ್ರಾಂಶಗಳಲ್ಲಿ ಟೈಪ್ ಮಾಡುತ್ತಿದ್ದೆವು. ಅವುಗಳ ಹಳೇ ಫಾಂಟ್‌ಗಳಲ್ಲಿ ಕನ್ನಡ ಅಕ್ಷರಕ್ಕೆ ಅದರದ್ದೇ ಸ್ವಂತ ಜಾಗ ಇರಲಿಲ್ಲ. ಇಂಗ್ಲಿಷ್ ಅಕ್ಷರಗಳ ಮನೆಯಲ್ಲೇ ಕನ್ನಡದ ಚಿತ್ರಗಳನ್ನು ಕೂರಿಸಿದ್ದರು. ಕಂಪ್ಯೂಟರಿನ ಲೆಕ್ಕದಲ್ಲಿ ಅದು ಇಂಗ್ಲಿಷೇ, ಫಾಂಟು ಮಾತ್ರ ಅದನ್ನು ಕನ್ನಡವಾಗಿ ತೋರಿಸುತ್ತಿತ್ತು. ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ಅದೇ ಫೈಲು ತೆರೆದರೆ ಕನ್ನಡ ಅನ್ನೋ ಪದ ಹೀಗೆ ಕಾಣುತ್ತಿತ್ತು:

```
PÀ£ÀßqÀ
```

ಈಗ ಓಔಅಗೆ ಬರೋಣ. ನುಡಿ ಫಾಂಟಿನಲ್ಲಿ N ಮನೆಯಲ್ಲಿ ಓ, O ಮನೆಯಲ್ಲಿ ಔ, C ಮನೆಯಲ್ಲಿ ಅ. ನಮ್ಮ ನೋಟಿಸಿನಲ್ಲಿ NOC ಅನ್ನು ಇಂಗ್ಲಿಷ್ ಫಾಂಟಿನಲ್ಲೇ ಸರಿಯಾಗಿ ಹೊಡೆದಿದ್ದರು. ಪ್ರಿಂಟಿಗೆ ಮುಂಚೆ ಯಾರೋ ಅಕ್ಷರ ಎಲ್ಲ ಒಂದೇ ಥರ ಇರಲಿ ಅಂತ ಇಡೀ ಪುಟ ಸೆಲೆಕ್ಟ್ ಮಾಡಿ ಕನ್ನಡ ಫಾಂಟ್ ಕೊಟ್ಟರು. ಕೂಡಲೇ ಮೂರು ಇಂಗ್ಲಿಷ್ ಅಕ್ಷರ ಮೂರು ಕನ್ನಡ ಸ್ವರಗಳಾಗಿ ಕೂತವು. ಮುಂದೆ ಯೂನಿಕೋಡ್ ಬಳಕೆಗೆ ಬಂದು ಹಳೇ ಫೈಲುಗಳನ್ನು ಪರಿವರ್ತಕಕ್ಕೆ ಹಾಕಿದಾಗಲೂ ಇದೇ ಕಾಟ. ಯಾವುದು ನಿಜವಾದ ಇಂಗ್ಲಿಷ್, ಯಾವುದು ವೇಷ ಹಾಕಿದ ಕನ್ನಡ ಅಂತ ಅದಕ್ಕೆ ಗೊತ್ತಾಗುವುದು ಹೇಗೆ? ಇಮೇಲ್ ವಿಳಾಸಗಳೆಲ್ಲ ಕನ್ನಡದ ಕಿಚಡಿಯಾಗಿ ಹೊರಬರುತ್ತಿದ್ದವು.

ಈ ತಾಪತ್ರಯ ತಪ್ಪಿಸಲು ಟೈಪ್ ಮಾಡುವವರು ಒಂದು ಉಪಾಯ ಕಂಡುಕೊಂಡರು. ಇಂಗ್ಲಿಷ್ ಪದಗಳನ್ನೆಲ್ಲ ಕನ್ನಡ ಲಿಪಿಯಲ್ಲೇ ಹೊಡೆಯುವುದು. ಸಬ್ಮಿಟ್, ಅಕ್ನಾಲೆಡ್ಜ್‌ಮೆಂಟ್, ಡಾಕ್ಯುಮೆಂಟ್ಸ್‌ಗಳು. (ಕೊನೆಯದರಲ್ಲಿ ಬಹುವಚನ ಎರಡು ಸಲ ಬಂದಿದೆ, ಇಂಗ್ಲಿಷಿನದ್ದೊಂದು, ನಮ್ಮದೊಂದು. ಎಷ್ಟು ನೋಟಿಸಿನಲ್ಲಿ ಇದನ್ನು ಅಳಿಸಿದ್ದೇನೋ ಲೆಕ್ಕವಿಲ್ಲ.) ಲಿಪಿ ಕನ್ನಡ ಆಯಿತು, ಓದುಗನಿಗೆ ಮಾತ್ರ ಏನೂ ಸಿಗಲಿಲ್ಲ. ಇಂಗ್ಲಿಷ್ ಬಲ್ಲವನಿಗೆ ತಡವರಿಕೆ, ಬಾರದವನಿಗೆ ಅರ್ಥವೇ ಇಲ್ಲ.

ಯೂನಿಕೋಡ್ ಬಂದ ಮೇಲೆ ಫಾಂಟಿನ ಕಾಟ ಹೋಯಿತು, ಇನ್ನೊಂದು ಬಂತು. ಪೋರ್ಟಲ್ ಅಂತ ಹೊಡೆದು ಪಕ್ಕದಲ್ಲೇ ನಲ್ಲಿ ಸೇರಿಸಿದರೆ ನ ಹೋಗಿ ಲ ಕೆಳಗೆ ಒತ್ತಾಗಿ ಕೂರುತ್ತದೆ, ಪೋರ್ಟಲ್ನಲ್ಲಿ ಆಗುತ್ತದೆ. ಬಿಡಿಸಬೇಕಾದರೆ ನಡುವೆ U+200C ಎಂಬ ಕಣ್ಣಿಗೆ ಕಾಣದ ಗುರುತು ಹಾಕಬೇಕು. ಅದನ್ನು ಹಾಕಿದ ಪದ, ಹಾಕದ ಪದ ಹುಡುಕುವಾಗ ಎಷ್ಟೋ ಕಡೆ ಬೇರೆ ಬೇರೆ ಅಂತಲೇ ಲೆಕ್ಕ. ನಾನು ಸಾಧ್ಯವಾದ ಕಡೆಯೆಲ್ಲ ಪೋರ್ಟಲಿನಲ್ಲಿ, ಬ್ಯಾಂಕಿಗೆ, ನೋಟಿಸಿನ ಅಂತ ಬರೆಯುತ್ತೇನೆ. ಇದರಲ್ಲಿ ಒಂದು ಸಣ್ಣ ಪರೀಕ್ಷೆಯೂ ಅಡಗಿದೆ. ಒಂದು ಪದ ಇನಲ್ಲಿ, ಇಗೆ ಪ್ರತ್ಯಯಗಳನ್ನು ತಕರಾರಿಲ್ಲದೆ ಒಪ್ಪಿಕೊಂಡರೆ ಅದು ಹೆಚ್ಚುಕಡಿಮೆ ಕನ್ನಡದ ಮನೆಗೆ ಸೇರಿದೆ ಅಂತ. ಬ್ಯಾಂಕಿಗೆ ಸಲೀಸು. ಅಕ್ನಾಲೆಡ್ಜ್‌ಮೆಂಟಿಗೆ ಅಂತ ಹೇಳಿ ನೋಡಿ, ನಾಲಿಗೆಯೇ ಒಪ್ಪುವುದಿಲ್ಲ.

ಅಷ್ಟರಲ್ಲಿ ಕಾಗದದ ಅರ್ಜಿಗಳು ವೆಬ್‌ಸೈಟಿಗೆ ಹೋದವು. ಇದು ಲೆಕ್ಕವನ್ನೇ ಬದಲಿಸಿತು. ಮೊದಲು ನೋಟಿಸು ಓದಿ ಅರ್ಥವಾದರೆ ಸಾಕಿತ್ತು. ಈಗ ನೋಟಿಸಿನ ಪದವನ್ನು ಪರದೆಯ ಮೇಲಿನ ಪದದ ಜೊತೆ ತಾಳೆ ನೋಡಬೇಕು.

ಆ ಹಿರಿಯರು ಬಂದುಹೋದ ಮೇಲೆ ಹೊಸದಾಗಿ ಬರೆದ ನಮ್ಮ ನೋಟಿಸನ್ನೇ ತೆಗೆದುಕೊಳ್ಳಿ. ಮೊದಲ ಕರಡು ಹೀಗಿತ್ತು: "ಸದಸ್ಯರು ತಮ್ಮ ಸ್ವತ್ತಿನ ಋಣಭಾರ ಪ್ರಮಾಣಪತ್ರ ಹಾಗೂ ನಿರಾಕ್ಷೇಪಣಾ ಪತ್ರವನ್ನು ಅಂತರ್ಜಾಲ ತಾಣಕ್ಕೆ ಮೇಲೇರಿಸಿ ಸ್ವೀಕೃತಿ ಸಂಖ್ಯೆಯನ್ನು ಸಲ್ಲಿಸತಕ್ಕದ್ದು." ಇದನ್ನು ಓದಿದ ಇನ್ನೊಬ್ಬರು ತಿದ್ದಿದ್ದು ಹೀಗೆ: "ಮೆಂಬರ್ಸ್ ತಮ್ಮ ಪ್ರಾಪರ್ಟಿಯ ಇಸಿ, ಎನ್‌ಒಸಿ ಅಪ್‌ಲೋಡ್ ಮಾಡಿ ಅಕ್ನಾಲೆಡ್ಜ್‌ಮೆಂಟ್ ನಂಬರ್ ಸಬ್ಮಿಟ್ ಮಾಡತಕ್ಕದ್ದು." ಎರಡೂ ಕೆಲಸಕ್ಕೆ ಬಾರದವು.

ಕೂತು ಒಂದೊಂದೇ ಪದ ಕೆದಕಿದೆವು. ಮೆಂಬರ್ಸ್‌ಗೆ ಸದಸ್ಯರು ಇದೆ, ಎಲ್ಲರಿಗೂ ಗೊತ್ತಿದೆ, ಮಾತೇ ಇಲ್ಲ. ಪ್ರಾಪರ್ಟಿ ಅಂದರೆ ಇಲ್ಲಿ ಸೈಟು, ಆದರೆ ಕ್ರಯಪತ್ರದಲ್ಲಿ ನಿವೇಶನ ಅಂತಿದೆ. ಕಾಗದಕ್ಕೆ ಕಾಗದ ಹೊಂದಬೇಕಲ್ವಾ, ನಿವೇಶನವೇ ಉಳಿಯಿತು. ಋಣಭಾರ ಪ್ರಮಾಣಪತ್ರ ಕಾನೂನಿನ ಕಡೆಯಿಂದ ಸರಿಯಾದ ಹೆಸರು. ಆದರೆ ಜನ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಕೇಳುವುದು ಇ.ಸಿ. ಹಾಗಾಗಿ ಮೊದಲ ಸಲ ಎರಡನ್ನೂ ಜೊತೆಯಲ್ಲಿ ಬರೆದು, ಆಮೇಲೆ ಇ.ಸಿ. ಅಂತಲೇ ಮುಂದುವರಿದೆವು. ಎನ್‌ಒಸಿಗೂ ಅದೇ ಉಪಾಯ, ಜೊತೆಗೆ ಯಾರಿಂದ ತರಬೇಕು ಅನ್ನೋದನ್ನೂ ಸೇರಿಸಿದೆವು. ಆ ಹಿರಿಯರು ಕೇಳಿದ್ದೂ ಅದನ್ನೇ ತಾನೆ.

ಮೇಲೇರಿಸಿ ಅನ್ನೋದು ತೆಗೆದೆವು, ಅಪ್‌ಲೋಡ್ ಮಾಡಿ ಅಂತ ಬರೆದೆವು. ಸಬ್ಮಿಟ್ ಮಾತ್ರ ತೆಗೆದೆವು. ಇಲ್ಲಿ ನನ್ನದೊಂದು ಹಟ ಇದೆ: ನೋಟಿಸಿನಲ್ಲಿ ಹೆಸರುಪದ ಇಂಗ್ಲಿಷಾದರೂ ಪರವಾಗಿಲ್ಲ, ಕ್ರಿಯಾಪದ ಆಗಬಾರದು. ಏನು ಮಾಡಬೇಕು, ಮಾಡದಿದ್ದರೆ ಏನಾಗುತ್ತದೆ ಅನ್ನೋದು ಇರುವುದೇ ಅಲ್ಲಿ. ಸಲ್ಲಿಸಬೇಕು, ಕಟ್ಟಬೇಕು, ರದ್ದಾಗುತ್ತದೆ. ಇವುಗಳ ಜಾಗದಲ್ಲಿ ಇಂಗ್ಲಿಷ್ ಕೂತರೆ ಹೊಣೆಯೇ ಮಸುಕಾಗುತ್ತದೆ. ಅಪ್‌ಲೋಡ್ ಒಂದೇ ಅಪವಾದ, ಆ ಕೆಲಸಕ್ಕೆ ಜನರ ಬಾಯಲ್ಲಿ ಬೇರೆ ಪದ ಇಲ್ಲ.

ಸ್ವೀಕೃತಿ ಸಂಖ್ಯೆಯ ವಿಷಯ ಬೇರೆ. ಪರದೆಯ ಮೇಲೆ `Acknowledgement No.` ಅಂತಿತ್ತು. ಇದನ್ನು ಅನುವಾದಿಸಿದರೂ ಕಷ್ಟ, ಕನ್ನಡ ಲಿಪಿಯಲ್ಲಿ ಬರೆದರೂ ಕಷ್ಟ, ಓದುಗ ಅಲ್ಲಿ ಹುಡುಕುವುದು ಇಂಗ್ಲಿಷ್ ಅಕ್ಷರದ ಆಕಾರವನ್ನು. ಆದ್ದರಿಂದ ಅದನ್ನು ಪರದೆಯಲ್ಲಿ ಇದ್ದ ಹಾಗೇ ಇಟ್ಟು, ಅದು ಅರ್ಜಿ ತಲುಪಿದ್ದಕ್ಕೆ ಸಿಗುವ ಸಂಖ್ಯೆ ಅಂತ ಕನ್ನಡದಲ್ಲಿ ವಿವರಿಸಿದೆವು. ಅಂಕಿಗಳೂ ಅಷ್ಟೇ. ನೋಟಿಸಿನಲ್ಲಿ ಖಾತೆ ಸಂಖ್ಯೆಯನ್ನು ಕನ್ನಡ ಅಂಕಿಯಲ್ಲಿ ಹಾಕಿ, ಅದನ್ನೇ ನಕಲು ಮಾಡಿ ಅಂಟಿಸಿದರೆ ಬಹಳ ವೆಬ್‌ಸೈಟುಗಳು ಅದನ್ನು ಅಂಕಿ ಅಂತ ಒಪ್ಪುವುದಿಲ್ಲ.

ಕೊನೆಗೆ ಹೋದದ್ದು ಇದು: "ಸದಸ್ಯರು ತಮ್ಮ ನಿವೇಶನದ ಋಣಭಾರ ಪ್ರಮಾಣಪತ್ರ ಅಂದರೆ ಇ.ಸಿ. ಮತ್ತು ಸಾಲ ಕೊಟ್ಟ ಬ್ಯಾಂಕಿನಿಂದ ಪಡೆದ ನಿರಾಕ್ಷೇಪಣಾ ಪತ್ರ ಅಂದರೆ ಎನ್‌ಒಸಿ, ಇವೆರಡನ್ನೂ ಅಪ್‌ಲೋಡ್ ಮಾಡಬೇಕು. ನಂತರ ಪರದೆಯಲ್ಲಿ `Acknowledgement No.` ಎಂಬಲ್ಲಿ ಬರುವ ಸಂಖ್ಯೆಯನ್ನು ಬರೆದುಕೊಂಡು ಕಚೇರಿಗೆ ತಿಳಿಸಬೇಕು." ಉದ್ದ ಜಾಸ್ತಿಯಾಯಿತು, ನಿಜ. ಆದರೆ ಈ ಸಲ ಯಾವ ಸರ್ಟಿಫಿಕೇಟು ಅಂತ ಕೇಳಿಕೊಂಡು ಯಾರೂ ಬರಲಿಲ್ಲ.

2024ರಲ್ಲಿ ನಾಮಫಲಕಗಳ ಶೇಕಡಾ 60 ಭಾಗ ಕನ್ನಡ ಇರಬೇಕು ಅಂತ ಕಾನೂನು ತಿದ್ದಿದರು. ಬೋರ್ಡಿಗೆ ಅದು ಅಳೆಯಬಹುದಾದ ಲೆಕ್ಕ. ನೋಟಿಸಿಗೆ ಅಂಥ ಅಳತೆಪಟ್ಟಿ ಹಿಡಿಯಲು ಆಗುವುದಿಲ್ಲ. ನಮ್ಮ ಮೊದಲ ಕರಡು ನೂರಕ್ಕೆ ನೂರು ಕನ್ನಡವೇ ಆಗಿತ್ತು.

ಒಂದು ಪದದಲ್ಲಿ ಮಾತ್ರ ನಾವು ಇನ್ನೂ ಒಮ್ಮತಕ್ಕೆ ಬಂದಿಲ್ಲ. ಸೆಕ್ಷನ್ನಿಗೆ ರಾಜ್ಯದ ಕಾಯ್ದೆಗಳ ಕನ್ನಡದಲ್ಲಿ ಪ್ರಕರಣ ಅನ್ನುತ್ತಾರೆ. ಆದರೆ ಜನರಿಗೆ ಪ್ರಕರಣ ಅಂದರೆ ಕೇಸು. ಪ್ರಕರಣ 64ರ ಅಡಿ ಅಂತ ನೋಟಿಸು ಬಂದರೆ, ತನ್ನ ಮೇಲೆ 64ನೇ ಕೇಸು ಬಿದ್ದಿದೆ ಅಂದುಕೊಂಡು ಗಾಬರಿಯಾಗುವವರೂ ಇದ್ದಾರೆ. ನಾನು ಕಲಂ ಅಂತ ಬರೆಯುತ್ತೇನೆ. ಪಕ್ಕದ ಟೇಬಲ್ಲಿನವರು ಅದನ್ನು ಹೊಡೆದುಹಾಕಿ ಸೆಕ್ಷನ್ ಅಂತ ತಿದ್ದುತ್ತಾರೆ.