ಹತ್ತು ಸಾವಿರಕ್ಕೆ ಒಬ್ಬರು, ಸರಿ. ವಾಹಕರು ಎಷ್ಟು ಮಂದಿ?

"ಹತ್ತು ಸಾವಿರಕ್ಕೆ ಒಬ್ಬರಿಗೆ ಬರೋ ಕಾಯಿಲೆ ಅಲ್ವಾ ಡಾಕ್ಟ್ರೇ, ನಮ್ಮ ಅಳಿಯಂದಿರಲ್ಲಿ ಅದು ಯಾಕೆ ಇರುತ್ತೆ?"

ನಾನು ಡಾಕ್ಟರಲ್ಲ, ಜೆನೆಟಿಕ್ ಕೌನ್ಸೆಲರ್. ಮುಂಬಯಿಯ ಮಾಟುಂಗಾದಲ್ಲಿ ಕೂತು ಕನ್ನಡ ಮಾತಾಡುತ್ತೇನೆ ಅನ್ನುವ ಒಂದೇ ಕಾರಣಕ್ಕೆ ಅನೇಕರಿಗೆ ಡಾಕ್ಟ್ರು. ಈ ಪ್ರಶ್ನೆ ಕೇಳಿದ ಅಮ್ಮ ಡೊಂಬಿವಲಿಯವರು. ಮಗನಿಗೆ ಎಸ್‌ಎಂಎ, ಅಂದರೆ ಬೆನ್ನುಹುರಿಯ ನರಕೋಶಗಳು ಸತ್ತು ಸ್ನಾಯುಗಳು ಸೋಲುವ ಕಾಯಿಲೆ. ಮಗಳು ಆರೋಗ್ಯವಾಗಿದ್ದಾಳೆ, ಮದುವೆಯಾಗಿದೆ, ಈಗ ಮಗು ಬೇಕು ಅಂತಿದ್ದಾಳೆ.

ಅವರು ಹೇಳಿದ ಲೆಕ್ಕ ಸುಮಾರಾಗಿ ಸರಿಯೇ. ಆದರೆ ಅದು ಕಾಯಿಲೆಯವರ ಲೆಕ್ಕ. ವಾಹಕರದ್ದು ಬೇರೆ. ವಾಹಕರಲ್ಲಿ ಕೆಟ್ಟ ಜೀನ್ ಒಂದೇ ಇರುತ್ತದೆ, ಜೊತೆಗಿರುವ ಒಳ್ಳೆಯದು ಕೆಲಸ ನಡೆಸುತ್ತದೆ, ಅವರಿಗೆ ಏನೂ ಆಗುವುದಿಲ್ಲ. ಕಾಯಿಲೆ ಬರಲು ಎರಡೂ ಕೆಟ್ಟಿರಬೇಕು.

ನನ್ನ ಮೇಜಿನ ಮೇಲೆ ಒಂದು ಸ್ಟೀಲ್ ಡಬ್ಬಿ ಇದೆ. ಅದರ ತುಂಬ ಹೆಸರುಕಾಳು, ನೂರಕ್ಕೆ ಒಂದರಂತೆ ಕರಿ ಉದ್ದು. ಕಣ್ಣು ಮುಚ್ಚಿ ಎರಡು ಕಾಳು ತೆಗೆಯಿರಿ, ಒಂದು ಅಮ್ಮನ ಕಡೆಯದು, ಒಂದು ಅಪ್ಪನ ಕಡೆಯದು. ಎರಡೂ ಉದ್ದು ಬರುವುದು ನೂರು ಗುಣಿಸು ನೂರರಲ್ಲಿ ಒಮ್ಮೆ, ಅಂದರೆ ಹತ್ತು ಸಾವಿರಕ್ಕೆ ಒಮ್ಮೆ. ನಾವು ಇದನ್ನು ತಿರುಗಿಸಿ ಮಾಡುತ್ತೇವೆ. ಹತ್ತು ಸಾವಿರದ ವರ್ಗಮೂಲ ನೂರು, ಆದ್ದರಿಂದ ಡಬ್ಬಿಯಲ್ಲಿ ಉದ್ದು ನೂರಕ್ಕೆ ಒಂದು.

ಓದಿದವರು ಎಡವುವುದು ಇಲ್ಲಿ. ನಮ್ಮಲ್ಲಿ ಕಲಿಯಲು ಬರುವ ಎಂಎಸ್ಸಿ ಹುಡುಗರೂ ವರ್ಗಮೂಲ ತೆಗೆದು, ವಾಹಕರು ನೂರಕ್ಕೆ ಒಬ್ಬರು ಅಂತ ಬರೆದು ಪೆನ್ ಇಡುತ್ತಾರೆ. ಅಯ್ಯೋ, ಅದು ಕಾಳಿನ ಲೆಕ್ಕ ಕಣ್ರೋ, ಮನುಷ್ಯರದ್ದಲ್ಲ! ಒಬ್ಬ ಮನುಷ್ಯನೆಂದರೆ ಎರಡು ಕಾಳು. ಉದ್ದು ಅಮ್ಮನಿಂದ ಬಂದು ಹೆಸರು ಅಪ್ಪನಿಂದ ಬರಬಹುದು, ಇಲ್ಲ ಅದಲುಬದಲಾಗಬಹುದು. ಎರಡು ದಾರಿ ಇರುವುದರಿಂದ ಎರಡರಿಂದ ಗುಣಿಸಬೇಕು. ಉದ್ದಿನ ಪಾಲು q, ಹೆಸರಿನ ಪಾಲು p ಅಂತ ಇಟ್ಟುಕೊಂಡರೆ:

q² = 1/10,000
q = 1/100
2pq = 2 × 99/100 × 1/100 ≈ 1/50

ಐವತ್ತಕ್ಕೆ ಒಬ್ಬರು. ವಿರಾರ್ ಲೋಕಲಿನ ಒಂದೇ ಡಬ್ಬಿಯಲ್ಲಿ ಇಂಥವರು ನಾಲ್ಕಾರು ಮಂದಿ ನೇತಾಡಿಕೊಂಡು ಹೋಗುತ್ತಿರಬಹುದು, ಅವರಿಗೇ ಗೊತ್ತಿರುವುದಿಲ್ಲ.

ಈಗ ಡೊಂಬಿವಲಿಯ ಮಗಳ ವಿಷಯ. ಅವಳಿಗೆ ಐವತ್ತಕ್ಕೆ ಒಂದು ಅನ್ನುವ ಲೆಕ್ಕ ಹಾಕಬಾರದು. ತಮ್ಮನಿಗೆ ಕಾಯಿಲೆ ಇದೆ ಅಂದಮೇಲೆ ಅಪ್ಪ ಅಮ್ಮ ಇಬ್ಬರೂ ವಾಹಕರೇ ಅಂತ ಹಿಡಿಯುತ್ತೇವೆ. ಅಂಥ ದಂಪತಿಯ ನಾಲ್ಕು ಸಾಧ್ಯತೆಗಳಲ್ಲಿ ಕಾಯಿಲೆಯದು ಒಂದು. ಇವಳು ಆರೋಗ್ಯವಾಗಿರುವುದರಿಂದ ಅದನ್ನು ಬಿಡಿ. ಉಳಿದ ಮೂರರಲ್ಲಿ ಎರಡು ವಾಹಕರದ್ದು, ಹಾಗಾಗಿ ಅವಳದು 2/3. ಗಂಡ ಹೊರಗಿನವನು, 1/50. ಇಬ್ಬರೂ ವಾಹಕರಾದರೆ ಮಗುವಿಗೆ 1/4. ಮೂರನ್ನೂ ಗುಣಿಸಿದರೆ 1/300. ಅಮ್ಮನ ಲೆಕ್ಕದಂತೆ ಗಂಡನಿಗೆ 1/10,000 ಹಾಕಿದ್ದರೆ 1/60,000 ಬರುತ್ತಿತ್ತು, ಪರೀಕ್ಷೆಯೇ ಬೇಡ ಅಂತ ಎದ್ದು ಹೋಗುತ್ತಿದ್ದರು.

"ಮೊದಲು ಇವಳನ್ನ ನನ್ನ ತಮ್ಮನಿಗೇ ಕೊಡೋಣ ಅಂತಿದ್ವಿ. ಮನೆಯವನು ಆಗಿದ್ರೆ ಇಷ್ಟೆಲ್ಲ ಇರ್ತಿತ್ತಾ?" ಅಂದರು ಅಮ್ಮ.

ನಾನು ಡಬ್ಬಿ ಪಕ್ಕಕ್ಕಿಟ್ಟೆ. ಅಲ್ಲಿ ಡಬ್ಬಿಯ ಲೆಕ್ಕವೇ ನಡೆಯುವುದಿಲ್ಲ. ಅಮ್ಮ ವಾಹಕಿ, ಆದ್ದರಿಂದ ಅವರ ತಮ್ಮ ವಾಹಕನಾಗಿರುವ ಸಾಧ್ಯತೆ ಅರ್ಧ. 2/3 × 1/2 × 1/4, ಅಂದರೆ ಹನ್ನೆರಡಕ್ಕೆ ಒಂದು. ಕಣ್ಣು ಮುಚ್ಚಿ ತೆಗೆಯಿರಿ ಅಂತ ಮೊದಲೇ ಹೇಳಿದ್ದು ಇದಕ್ಕೇ. ವರ್ಗಮೂಲದ ಲೆಕ್ಕ ನಿಂತಿರುವುದು ಸಂಬಂಧವಿಲ್ಲದವರು ಮದುವೆಯಾಗುತ್ತಾರೆ ಅನ್ನುವ ನಂಬಿಕೆಯ ಮೇಲೆ. ಸೋದರಮಾವನಿಗೆ, ಅತ್ತೆಯ ಮಗನಿಗೆ ಕೊಡುವ ಪದ್ಧತಿ ಜಾಸ್ತಿ ಇರುವ ಕಡೆ ಕೆಟ್ಟ ಜೀನ್ ಅಷ್ಟೇ ಇದ್ದರೂ ಕಾಯಿಲೆಯ ಮಕ್ಕಳು ಜಾಸ್ತಿ ಹುಟ್ಟುತ್ತಾರೆ. ಅವರನ್ನು ಎಣಿಸಿ ವರ್ಗಮೂಲ ತೆಗೆದರೆ ವಾಹಕರ ಸಂಖ್ಯೆ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಹಾಗಾಗಿ 1/50 ಅನ್ನುವುದನ್ನು ನಾನು ಯಾವಾಗಲೂ "ಸುಮಾರು" ಸೇರಿಸಿಯೇ ಹೇಳುತ್ತೇನೆ.

ರಕ್ತ ಮೊದಲು ಮಗಳದ್ದೇ ತೆಗೆಸಿದೆವು. ಅವಳು ವಾಹಕಿ ಅಲ್ಲ ಅಂತಾಗಿದ್ದರೆ ಅಳಿಯನಿಗೆ ಸುಮ್ನೆ ಸೂಜಿ ಚುಚ್ಚಿಸುವ ಕೆಲಸವಿರಲಿಲ್ಲ. ಅವಳು ವಾಹಕಿ ಅಂತ ಬಂತು. ಆಮೇಲೆ ಅಳಿಯನದು. ಅವನಲ್ಲಿ, ಕೆಟ್ಟರೆ ಈ ಕಾಯಿಲೆ ತರುವ ಎಸ್‌ಎಂಎನ್1 ಜೀನಿನ ಎರಡು ಪ್ರತಿ ಇದ್ದವು, ವಾಹಕರಲ್ಲಿ ಸಾಮಾನ್ಯವಾಗಿ ಒಂದೇ ಇರುತ್ತದೆ. ಅಮ್ಮ ನಿಟ್ಟುಸಿರು ಬಿಟ್ಟು ಚೀಲ ಎತ್ತಿಕೊಂಡರು. ನಾನು ಇನ್ನೈದು ನಿಮಿಷ ಕೂರಿಸಿದೆ. ಪರೀಕ್ಷೆ ಪ್ರತಿಗಳನ್ನು ಎಣಿಸುತ್ತದೆ, ಎಲ್ಲಿ ಕೂತಿವೆ ಅಂತ ನೋಡುವುದಿಲ್ಲ. ಕೆಲವೊಮ್ಮೆ ಎರಡೂ ಒಂದೇ ಕ್ರೋಮೋಸೋಮಿನ ಮೇಲಿದ್ದು ಇನ್ನೊಂದು ಖಾಲಿ ಇರುತ್ತದೆ. ಅಂಥವನೂ ವಾಹಕನೇ. ಇದು ಅಪರೂಪ. ಆದರೂ ರಿಪೋರ್ಟಿನ ಮೇಲೆ "ಇಲ್ಲ" ಅಂತ ಬರೆಯದೆ "ತೀರಾ ಕಡಿಮೆ" ಅಂತ ಬರೆದುಕೊಟ್ಟೆ.