ಖಾಲಿ ದಾಳಿಯನ್ನು ಯಾರ ಲೆಕ್ಕಕ್ಕೆ ಬರೆಯಬೇಕು?

ಕಾರವಾರ, ಅಂಕೋಲಾ, ಶಿರಸಿ ಕಡೆಯ ಕಬಡ್ಡಿ ಪಂದ್ಯಗಳ ವಿಡಿಯೊ ನೋಡಿ ತಂಡಗಳಿಗೆ ಲೆಕ್ಕ ಮಾಡಿಕೊಡುವ ನನಗೆ ತರಬೇತುದಾರರು ಮೊದಲು ಕೇಳುವುದು, ಇಬ್ಬರು ರೈಡರ್‌ಗಳಲ್ಲಿ ಯಾರು ಮೇಲು ಎಂದು. ಶೇಕಡಾವಾರು ತೆಗೆಯುವುದು ಸುಲಭ. ಯಾವ ಸಂಖ್ಯೆಯಿಂದ ಭಾಗಿಸಬೇಕು ಎಂಬಲ್ಲಿಯೇ ತೊಡಕು.

ಅಂಕೋಲಾದ ಒಂದು ಪಂದ್ಯದಲ್ಲಿ ಮೊದಲನೆಯವನು 16 ದಾಳಿ ಮಾಡಿ 6ರಲ್ಲಿ ಅಂಕ ತಂದಿದ್ದ, 2ರಲ್ಲಿ ಸಿಕ್ಕಿಬಿದ್ದಿದ್ದ, 8 ಖಾಲಿಯಾಗಿದ್ದವು. ಎರಡನೆಯವನ 10 ದಾಳಿಗಳಲ್ಲಿ 5 ಸಫಲ, 4 ಔಟ್, 1 ಖಾಲಿ. ಎಲ್ಲ ದಾಳಿಗಳನ್ನೂ ಎಣಿಸಿದರೆ ಮೊದಲನೆಯವನದು ಶೇ 37.5, ಎರಡನೆಯವನದು ಶೇ 50. ಖಾಲಿ ದಾಳಿಗಳನ್ನು ಬಿಟ್ಟರೆ ಮೊದಲನೆಯವನದು ಶೇ 75ಕ್ಕೆ ಏರಿ, ಎರಡನೆಯವನದು ಶೇ 56ರ ಆಸುಪಾಸಿನಲ್ಲಿ ನಿಲ್ಲುತ್ತದೆ.

ಈ ಗೊಂದಲ ಬಿಡಿಸಲು ಪ್ರತಿ ದಾಳಿಗೂ ಅದು ಡೂ ಆರ್ ಡೈ ಹೌದೋ ಅಲ್ಲವೋ ಎಂದು ಗುರುತು ಹಾಕಬೇಕು. ತಂಡದ ಎರಡು ದಾಳಿಗಳು ಸತತವಾಗಿ ಖಾಲಿಯಾದರೆ ಮೂರನೆಯದರಲ್ಲಿ ಅಂಕ ತರಲೇಬೇಕು, ಇಲ್ಲದಿದ್ದರೆ ರೈಡರ್ ಔಟ್. ಎರಡನೆಯವನ 10ರಲ್ಲಿ 4 ಅಂಥವು. ಅವುಗಳಲ್ಲಿ 1 ಸಫಲವಾಗಿ 3ರಲ್ಲಿ ಆತ ಔಟಾಗಿದ್ದ. ಉಳಿದ 6 ಸಾಮಾನ್ಯ ದಾಳಿಗಳಲ್ಲಿ 4 ಸಫಲ. ಮೊದಲನೆಯವನಿಗೆ ಒಂದೂ ಡೂ ಆರ್ ಡೈ ಬಂದಿರಲಿಲ್ಲ. ಸಾಮಾನ್ಯ ದಾಳಿಗಳನ್ನಷ್ಟೇ ಹೋಲಿಸಿದರೆ, ಖಾಲಿಯನ್ನು ಎಣಿಸಿದರೂ ಬಿಟ್ಟರೂ ಎರಡನೆಯವನೇ ಮುಂದೆ. ವಿಡಿಯೊ ಹಿಂದಕ್ಕೆ ಓಡಿಸಿ ನೋಡಿದಾಗ, ಆ ನಾಲ್ಕು ಸಂದರ್ಭಗಳಿಗೆ ಕಾರಣವಾದ 8 ಖಾಲಿ ದಾಳಿಗಳಲ್ಲಿ 7 ಮೊದಲನೆಯವನವೇ ಆಗಿದ್ದವು. ಒಬ್ಬನ ಎಚ್ಚರಿಕೆಯ ಬೆಲೆಯನ್ನು ಇನ್ನೊಬ್ಬ ತೆತ್ತಿದ್ದ. ಮುನ್ನಡೆಯಲ್ಲಿದ್ದಾಗ ಬೇಕೆಂದೇ ಖಾಲಿ ದಾಳಿ ಮಾಡಿಸುವುದೂ ಉಂಟಾದ್ದರಿಂದ, ಆ ಹೊತ್ತಿನ ಅಂಕವನ್ನೂ ಪಕ್ಕದಲ್ಲಿ ಬರೆದುಕೊಳ್ಳುವುದು ಒಳ್ಳೆಯದು.

ಹಿಡಿತದ ಲೆಕ್ಕ ಇನ್ನೂ ಸೂಕ್ಷ್ಮ. ರೈಡರ್‌ನನ್ನು ತಡೆಯಲು ರಕ್ಷಕ ತಾನಾಗಿ ಮುನ್ನುಗ್ಗಿದರೆ ಮಾತ್ರ ನಾನು ಅದನ್ನು ಟ್ಯಾಕಲ್ ಯತ್ನವೆಂದು ಗುರುತಿಸುತ್ತೇನೆ. ನಿಂತಲ್ಲೇ ಕೈ ತಾಗಿಸಿಕೊಂಡು ಔಟಾದರೆ ಅದು ಯತ್ನವಲ್ಲ. ಬೋನಸ್ ಗೆರೆ ದಾಟಿದ ಮೇಲೆ ರೈಡರ್ ಸಿಕ್ಕಿಬಿದ್ದರೆ ಎರಡೂ ತಂಡಗಳಿಗೆ ಅಂಕ ಸಿಗುತ್ತದೆ. ‘ಸಫಲ–ವಿಫಲ’ ಎಂಬ ಒಂದೇ ಕಾಲಂನಲ್ಲಿ ಇದು ಹಿಡಿಸುವುದಿಲ್ಲ. ಅಂಕಣದಲ್ಲಿ ಎಷ್ಟು ರಕ್ಷಕರಿದ್ದರು ಎಂಬುದನ್ನು ದಾಳಿ ಶುರುವಾಗುವಾಗಲೇ ಬರೆಯಬೇಕು, ಏಕೆಂದರೆ ಬೋನಸ್ ಸಿಗುವುದು 6 ಅಥವಾ ಹೆಚ್ಚು ಜನರಿದ್ದಾಗ, ಸೂಪರ್ ಟ್ಯಾಕಲ್ ಆಗುವುದು 3 ಅಥವಾ ಕಡಿಮೆ ಇದ್ದಾಗ.

ಶಿರಸಿಯ ಒಂದು ವಿಡಿಯೊವನ್ನು ಗೆಳೆಯರೊಬ್ಬರೂ ನಾನೂ ಬೇರೆ ಬೇರೆಯಾಗಿ ಟ್ಯಾಗ್ ಮಾಡಿದಾಗ, ದಾಳಿಗಳ ಲೆಕ್ಕ ಹೊಂದಿಕೊಂಡು ಟ್ಯಾಕಲ್‌ಗಳದ್ದು ಹೊಂದಲಿಲ್ಲ. ಎಡ ಕಾರ್ನರ್‌ನವನು ಪಾದ ಹಿಡಿದಿದ್ದ, ಕವರ್‌ನವನು ಬ್ಲಾಕ್ ಮಾಡಿ ಕೆಡವಿದ್ದ. ಅವರು ಕವರ್‌ನವನ ಹೆಸರು ಬರೆದಿದ್ದರು, ನಾನು ಕಾರ್ನರ್‌ನವನದು. ಅಂದಿನಿಂದ ಮೊದಲು ಹಿಡಿದವನಿಗೂ ಮುಗಿಸಿದವನಿಗೂ ನಮ್ಮ ಹಾಳೆಯಲ್ಲಿ ಬೇರೆ ಬೇರೆ ಕಾಲಂಗಳಿವೆ.